ಸಂಬಳ ಕಡಿಮೆ, ಕೆಲಸ ಕಲಿಸುತ್ತೇವೆ: ಈ ಮಾತು ಬರೆಯಲು ಮೂರು ವಾರ ಹಿಡಿಯಿತು

ರಾಯಚೂರಿನ ರಾಜೇಂದ್ರ ಗಂಜ್ ಹತ್ತಿರ ಒಂದು ಅಂಗಡಿಯ ಮೇಲಿನ ರೂಮು. ಅದೇ ನಮ್ಮ ಆಫೀಸು. ನಾನು ಒಂಬತ್ತು ವರ್ಷ ಬೆಂಗಳೂರಿನಲ್ಲಿ ಕೋಡ್ ಬರೆದು ಊರಿಗೆ ವಾಪಸ್ ಬಂದವನು. ಜೊತೆಗಿರುವವರು ದೊಡ್ಡಪ್ಪನ ಮಗ. ಅಣ್ಣ ಹದಿನೈದು ವರ್ಷ ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆದವರು. ಭತ್ತದ ಲಾರಿ ಮಿಲ್ಲಿಗೆ ಬಂದಾಗ ವೇಬ್ರಿಡ್ಜ್ ತೂಕ ನೇರವಾಗಿ ಕಂಪ್ಯೂಟರಿಗೆ ಬರಬೇಕು, ತೇವಾಂಶದ ಕಡಿತ ಲೆಕ್ಕ ಆಗಬೇಕು, ರೈತರ ಕೈಗೆ ಕನ್ನಡದಲ್ಲಿ ಚೀಟಿ ಹೋಗಬೇಕು. ಈ ಕೆಲಸ ಮಾಡುವ ಸಾಫ್ಟ್‌ವೇರ್ ನಮ್ಮದು. ಆಗ ನಾಲ್ಕು ಮಿಲ್‌ಗಳಲ್ಲಿ ನಡೆಯುತ್ತಿತ್ತು. ಇನ್ನೂ ಮೂರು ಮಿಲ್‌ನವರು ಕೇಳುತ್ತಿದ್ದರು. ನನ್ನೊಬ್ಬನ ಕೈಯಲ್ಲಿ ಆಗುತ್ತಿರಲಿಲ್ಲ.

ಇಬ್ಬರು ಎಂಜಿನಿಯರ್ ಬೇಕಿತ್ತು. ಸಂಬಳಕ್ಕೆ ಅಂತ ತಿಂಗಳಿಗೆ ತೆಗೆದಿಡಲು ಆಗುತ್ತಿದ್ದದ್ದು 44,000 ರೂಪಾಯಿ. ಅಂದರೆ ಒಬ್ಬೊಬ್ಬರಿಗೆ 22,000. ಬೆಂಗಳೂರಿನ ದೊಡ್ಡ ಕಂಪನಿಗಳು ಹೊಸಬರಿಗೆ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸು ಕೊಡುತ್ತವೆ ಅಂತ ಇಲ್ಲಿನ ಪ್ರತಿ ಮನೆಗೂ ಗೊತ್ತು. ಹಾಗಾಗಿ ನಾವು ಸಂಬಳದ ಮೇಲೆ ಕರೆಯುವಂತಿರಲಿಲ್ಲ. ಕೆಲಸ ಕಲಿಯುವುದರ ಮೇಲೆ ಕರೆಯಬೇಕಿತ್ತು. ಜಾಹೀರಾತಿನ ತಲೆಬರಹ ಮತ್ತು ಮೊದಲ ನಾಲ್ಕು ಸಾಲು ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲ ಸಲ ಬರೆದದ್ದು ಹೀಗಿತ್ತು:

"ಬೆಳೆಯುತ್ತಿರುವ ಸ್ಟಾರ್ಟಪ್‌ನಲ್ಲಿ ಸುವರ್ಣಾವಕಾಶ! ಕಲಿಯುವ ಹಂಬಲವಿರುವ ಎಂಜಿನಿಯರ್‌ಗಳು ಬೇಕಾಗಿದ್ದಾರೆ. ಹೊಸ ತಂತ್ರಜ್ಞಾನ ಕಲಿಯಿರಿ, ನಮ್ಮೊಂದಿಗೆ ಬೆಳೆಯಿರಿ. ಸಂಬಳಕ್ಕಿಂತ ಅನುಭವ ದೊಡ್ಡದು ಎಂದು ನಂಬುವವರು ಸಂಪರ್ಕಿಸಿ."

ಬರೆದಾಗ ಚೆನ್ನಾಗಿದೆ ಅನಿಸಿತ್ತು. ರಾಯಚೂರು, ಬಳ್ಳಾರಿ ಕಡೆಯ ಕಾಲೇಜುಗಳ ಹಳೆ ವಿದ್ಯಾರ್ಥಿಗಳ ವಾಟ್ಸ್ಆಪ್ ಗುಂಪುಗಳಿಗೆ ಹಾಕಿದೆವು. ಒಂದು ವಾರದಲ್ಲಿ 61 ಮೆಸೇಜ್ ಬಂದವು. ಅಣ್ಣ ಕೂತು ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದರು. ಅವರ ರೂಢಿ ಅದು, ಬಂದ ಪ್ರತಿ ಚೀಲವೂ ಲೆಕ್ಕಕ್ಕೆ ಬರಬೇಕು. 38 ಜನ ಕೇಳಿದ್ದು ಒಂದೇ ಮಾತು, ಸಂಬಳ ಎಷ್ಟು. ಏನು ಕೆಲಸ ಅಂತ ಕೇಳಿದವರು ನಾಲ್ಕೇ ಜನ. ಒಂಬತ್ತು ಜನ ಕೇಳಿದ ಪ್ರಶ್ನೆ ನನ್ನನ್ನು ತುಂಬ ಕಲಕಿತು: "ಸರ್, ಡಿಪಾಸಿಟ್ ಎಷ್ಟು ಕಟ್ಟಬೇಕು?"

ನಾವು ದುಡ್ಡು ಕೇಳುವವರು ಅಂತ ಅವರಿಗೆ ಯಾಕೆ ಅನಿಸಿತು? ಆ ವಾರ ನನ್ನ ಫೋನಿಗೆ ಬಂದಿದ್ದ ಬೇರೆ ಕೆಲಸದ ಮೆಸೇಜ್‌ಗಳನ್ನೆಲ್ಲ ತೆಗೆದು ನಮ್ಮದರ ಪಕ್ಕ ಇಟ್ಟು ಓದಿದೆ. ತರಬೇತಿ ಶುಲ್ಕ ಅಂತ ಹಣ ಕಟ್ಟಿಸಿಕೊಂಡು ಆಮೇಲೆ ಫೋನ್ ಎತ್ತದವರು ಇದ್ದಾರಲ್ಲ, ಅವರ ಮೆಸೇಜಿನಲ್ಲೂ ಇದ್ದದ್ದು ಇದೇ ಪದಗಳು. ಸುವರ್ಣಾವಕಾಶ, ಕಲಿಯಿರಿ, ಬೆಳೆಯಿರಿ. ಅವರೂ ಸಂಬಳ ಬರೆದಿರಲಿಲ್ಲ, ನಾವೂ ಬರೆದಿರಲಿಲ್ಲ. ಓದುವವರು ನಮ್ಮನ್ನು ಬೇರೆ ಅಂತ ಗುರುತಿಸಲು ಒಂದೇ ಒಂದು ಗುರುತನ್ನೂ ನಾವು ಕೊಟ್ಟಿರಲಿಲ್ಲ.

ಅದೇ ವಾರ ಮಾನ್ವಿಯಿಂದ ಒಬ್ಬರು ಫೋನ್ ಮಾಡಿದರು. ಮಗಳು ಬಿ.ಇ. ಮುಗಿಸಿದ್ದಾಳೆ, ಅವಳ ಪರವಾಗಿ ಕೇಳುತ್ತಿದ್ದೇನೆ ಅಂದರು. ಮಾತು ಬಹಳ ನೇರ. "ಸಂಬಳ ಬರ್ದಿಲ್ಲ ಅಂದ್ರ ಸಂಬಳ ಇಲ್ಲ ಅಂತ ತಿಳ್ಕೊಬೇಕೇನ್ರೀ?" ನಾನು ಇದೆ, 22,000 ಅಂದೆ. "ಮತ್ತ ಬರೀರಲ್ಲ. ಕಡಿಮಿ ಇದ್ರೂ ಬರೀರಿ. ಬರ್ದಿದ್ರ ಮನ್ಯಾಗ ಕುಂತು ಲೆಕ್ಕಾ ಹಾಕ್ತೀವಿ. ಬರೀಲಿಲ್ಲ ಅಂದ್ರ ಅಂಜಿಕಿ ಬರ್ತದ." ಆಮೇಲೆ ಕೇಳಿದರು: "ಏನ್ ಕಲಸ್ತೀರಿ?" ನಾನು ಹೊಸ ತಂತ್ರಜ್ಞಾನ, ಒಳ್ಳೆ ಅನುಭವ ಅಂತ ಏನೇನೋ ಹೇಳಿದೆ. ಅವರು ಸುಮ್ನೆ ಕೇಳಿಸಿಕೊಂಡು, "ಆಯ್ತ್ರೀ, ಕೇಳಿ ಹೇಳ್ತೀನಿ" ಅಂತ ಫೋನ್ ಇಟ್ಟರು. ನನ್ನ ಹತ್ತಿರ ಉತ್ತರ ಇರಲಿಲ್ಲ ಅಂತ ಅವರಿಗೆ ತಿಳಿದಿತ್ತು.

ಜಾಹೀರಾತನ್ನು ಗುಂಪುಗಳಿಂದ ತೆಗೆಸಿದೆವು. ಮತ್ತೆ ಬರೆಯುವ ಮೊದಲು, ನಾವು ನಿಜವಾಗಿ ಏನು ಕಲಿಸಬಲ್ಲೆವು ಅಂತ ಪಟ್ಟಿ ಮಾಡಲು ಕೂತೆವು. ಒಂದು ಭಾನುವಾರ ಪೂರ್ತಿ ಅದಕ್ಕೇ ಹೋಯಿತು. ನಾನು ಹನ್ನೊಂದು ವಿಷಯ ಬರೆದೆ. ಅಣ್ಣ ಪ್ರತಿಯೊಂದಕ್ಕೂ ಮೂರು ಪ್ರಶ್ನೆ ಹಾಕಿದರು. ಯಾರು ಕಲಿಸ್ತಾರ? ಯಾವ ವಾರ? ಯಾವ ಕೆಲಸದ ಮೇಲೆ? ಉತ್ತರ ಇಲ್ಲದ್ದನ್ನು ಗೀಟು ಹಾಕಿ ಹೊಡೆದರು. ಕ್ಲೌಡ್ ಹೋಯಿತು. ಮೊಬೈಲ್ ಆ್ಯಪ್ ಹೋಯಿತು, ನನಗೇ ಅದು ಬರುವುದಿಲ್ಲ. ದೊಡ್ಡ ತಂಡದಲ್ಲಿ ಕೆಲಸ ಮಾಡುವ ರೀತಿ ಹೋಯಿತು, ನಮ್ಮಲ್ಲಿ ತಂಡವೇ ಇಲ್ಲ. ನಾಯಕತ್ವ ಅಂತ ಬರೆದಿದ್ದೆ, ಅದನ್ನು ಅವರು ಓದದೆಯೇ ಹೊಡೆದರು.

ಕೊನೆಗೆ ಉಳಿದದ್ದು ಮೂರು. ಮೊದಲನೆಯದು ವೇಬ್ರಿಡ್ಜ್‌ನಿಂದ ತೂಕ ಓದುವುದು. ಎರಡನೆಯದು ನೆಟ್ ಹೋದರೂ ಲೆಕ್ಕ ತಪ್ಪದ ಹಾಗೆ ಪ್ರೋಗ್ರಾಂ ಬರೆಯುವುದು. ಮೂರನೆಯದು, ಅವರು ಬರೆದ ಪ್ರತಿ ಸಾಲು ಕೋಡನ್ನೂ ನಾನು ಪಕ್ಕ ಕೂತು ಓದಿ ತಿದ್ದುವುದು.

ಮೊದಲನೆಯದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಜಾಹೀರಾತು ತಿರುಗಿದ್ದೇ ಅಲ್ಲಿಂದ. ವೇಬ್ರಿಡ್ಜ್ ರೂಮಿನಲ್ಲಿ ಕೆಂಪು ಅಂಕಿ ತೋರಿಸುವ ಒಂದು ಪೆಟ್ಟಿಗೆ ಇರುತ್ತದೆ, ಅದಕ್ಕೆ ಇಂಡಿಕೇಟರ್ ಅಂತಾರೆ. ಅದರ ಹಿಂದಿನ ಸೀರಿಯಲ್ ಪೋರ್ಟ್‌ನಿಂದ ತೂಕ ಸೆಕೆಂಡಿಗೆ ಹಲವು ಸಲ ಹರಿದು ಬರುತ್ತಲೇ ಇರುತ್ತದೆ. ನಮ್ಮ ಒಂದು ಮಿಲ್ಲಿನಲ್ಲಿ ಬರುವುದು ಹೀಗೆ:

```
US,GS,+018420kg
US,GS,+018490kg
ST,GS,+018460kg
```

US ಅಂದರೆ ತೂಕ ಇನ್ನೂ ನಿಂತಿಲ್ಲ, ST ಅಂದರೆ ನಿಂತಿದೆ. ಲಾರಿ ಹತ್ತಿದ ಮೇಲೆ ಸ್ವಲ್ಪ ಹೊತ್ತು ಅಲುಗಾಡುತ್ತದೆ. ಆಗ ಬಂದ ಮೊದಲ ಸಾಲನ್ನೇ ಹಿಡಿದುಬಿಟ್ಟರೆ ಮೇಲಿನ ಉದಾಹರಣೆಯಲ್ಲಿ 40 ಕೆ.ಜಿ. ಕಡಿಮೆ ಬರುತ್ತದೆ. ನಮ್ಮ ಕಡೆ ಭತ್ತದ ಚೀಲಕ್ಕೆ 75 ಕೆ.ಜಿ. ಲೆಕ್ಕ. ಅಂದರೆ ರೈತರಿಗೆ ಅರ್ಧ ಚೀಲಕ್ಕಿಂತ ಜಾಸ್ತಿ ಹೋಯಿತು. ಇನ್ನು ಕೆಲವು ಇಂಡಿಕೇಟರ್‌ಗಳು ST, US ಏನೂ ಕಳಿಸುವುದಿಲ್ಲ, ಬರೀ ಅಂಕಿ ಕಳಿಸುತ್ತವೆ. ಅಲ್ಲಿ ಅಂಕಿ ಎರಡು ಮೂರು ಸೆಕೆಂಡ್ ಬದಲಾಗದೆ ನಿಂತಿತೇ ಅಂತ ನಾವೇ ನೋಡಬೇಕು. ಕಾಲೇಜಿನಲ್ಲಿ ಇದನ್ನು ಯಾರೂ ಮುಟ್ಟಿಸಿರುವುದಿಲ್ಲ. ಬೆಂಗಳೂರಿನಲ್ಲಿದ್ದ ಒಂಬತ್ತು ವರ್ಷದಲ್ಲಿ ನಾನೂ ಮುಟ್ಟಿರಲಿಲ್ಲ. ಇದನ್ನು ಕಲಿತವರು ಯಾವ ಕಾರ್ಖಾನೆಗೆ ಹೋದರೂ ಅಲ್ಲಿನ ಯಂತ್ರದ ಮುಂದೆ ಅಂಜದೆ ಕೂರಬಲ್ಲರು. ಹೊಸಬರಿಗೆ ನಾವು ಕೊಡಬಹುದಾದ ದೊಡ್ಡ ವಸ್ತು ಇದೇ ಅಂತ ಆ ಭಾನುವಾರ ಖಾತ್ರಿಯಾಯಿತು.

ಎರಡನೇ ಸಲ ಬರೆಯುವಾಗ ತಲೆಬರಹದ ಮೇಲೆ ಜಾಸ್ತಿ ಹೊತ್ತು ಕೂತೆ. ವಾಟ್ಸ್ಆಪ್‌ನಲ್ಲಿ ಉದ್ದದ ಮೆಸೇಜ್ ಮುರಿದು ಕಾಣುತ್ತದೆ. ಮೇಲಿನ ಸಾಲು ಹಿಡಿಸದಿದ್ದರೆ ಉಳಿದದ್ದನ್ನು ಯಾರೂ ತೆರೆಯುವುದಿಲ್ಲ. ಹಾಗಾಗಿ ಆ ಸಾಲಿನಲ್ಲಿ ಏನು ಕೆಲಸ, ಎಲ್ಲಿ, ಎಷ್ಟು ಸಂಬಳ, ಈ ಮೂರೂ ಬರಬೇಕು ಅಂತ ಮಾಡಿಕೊಂಡೆ. "ರೈಸ್ ಮಿಲ್ ಸಾಫ್ಟ್‌ವೇರ್‌ಗೆ ಎಂಜಿನಿಯರ್" ಅಂತ ಬರೆದು ಪಕ್ಕದ ಅಂಗಡಿಯ ಹುಡುಗನಿಗೆ ತೋರಿಸಿದೆ. ಮಿಲ್ಲಿನಲ್ಲಿ ಮಷಿನ್ ರಿಪೇರಿ ಕೆಲಸವಾ ಅಂತ ಕೇಳಿದ. "ಸಾಫ್ಟ್‌ವೇರ್ ಎಂಜಿನಿಯರ್, ರಾಯಚೂರು" ಅಂತ ಬರೆದರೆ ಕೆಲಸ ಯಾವುದು ಅಂತ ತಿಳಿಯುವುದಿಲ್ಲ. ಕೊನೆಗೆ ಕೆಲಸವನ್ನೇ ಕ್ರಿಯಾಪದ ಮಾಡಿ ಬರೆದೆ: ರೈಸ್ ಮಿಲ್‌ಗಳಿಗೆ ಸಾಫ್ಟ್‌ವೇರ್ ಬರೆಯಲು. ಆಗ ಅವನು ಮರುಪ್ರಶ್ನೆ ಕೇಳಲಿಲ್ಲ.

"ಸಂಬಳಕ್ಕಿಂತ ಅನುಭವ ದೊಡ್ಡದು" ಅನ್ನುವ ಸಾಲನ್ನು ಪೂರ್ತಿ ತೆಗೆದೆ. ಯಾವುದು ದೊಡ್ಡದು ಅಂತ ಹೇಳಬೇಕಾದವರು ಕೆಲಸಕ್ಕೆ ಬರುವವರು. ಸಂಬಳ ಕೊಡುವವನು ಆ ಮಾತು ಹೇಳಿದರೆ ಜಿಪುಣತನ ಮುಚ್ಚಿಕೊಂಡ ಹಾಗೆ ಕೇಳಿಸುತ್ತದೆ. ಅದರ ಬದಲು ಸಂಬಳ ಇಷ್ಟು, ಇದು ಬೆಂಗಳೂರಿಗಿಂತ ಕಡಿಮೆ ಅಂತ ನಾವೇ ಬರೆದೆವು. ಊರಲ್ಲೇ ಇದ್ದರೆ ಪಿಜಿ ಬಾಡಿಗೆ ಉಳಿಯುತ್ತದೆ ಅಂತ ಒಂದು ಲೆಕ್ಕವನ್ನೂ ಹಾಕಿದ್ದೆ. ಅಣ್ಣ ಬೇಡ ಅಂದರು. "ಆ ಲೆಕ್ಕಾ ಅವ್ರ ಮನ್ಯಾಗ ಅವ್ರು ಹಾಕ್ತಾರ. ನಾವು ಹಾಕಿ ಕೊಟ್ರ ಮಾರಾಕ ಬಂದಂಗ ಕಾಣ್ತದ." ಅದೂ ಸರಿಯೇ. ತೆಗೆದೆ.

ಸಂಬಳದ ವಿಷಯದಲ್ಲಿ ಇನ್ನೊಂದು ಬರೆಯಬೇಕಿತ್ತು. 20 ಜನಕ್ಕಿಂತ ಕಡಿಮೆ ಇರುವ ಸಂಸ್ಥೆಗೆ ಪಿಎಫ್ ಕಡ್ಡಾಯವಲ್ಲ, ನಾವು ಆಗ ಕಟ್ಟುತ್ತಿರಲಿಲ್ಲ. ಹೊಸಬರು ಕೇಳಲು ಹಿಂಜರಿಯುವ ವಿಷಯ ಇದು. ಸೇರಿದ ಮೇಲೆ ತಿಳಿದರೆ ಮೋಸ ಹೋದ ಹಾಗೆ ಅನಿಸುತ್ತದೆ. ಪಿಎಫ್ ಇಲ್ಲ ಅಂತ ಬರೆದೆವು. ಬಾಂಡ್ ಇಲ್ಲ, ಮೂಲ ಅಂಕಪಟ್ಟಿ ಇಟ್ಟುಕೊಳ್ಳುವುದಿಲ್ಲ ಅಂತಲೂ ಬರೆದೆವು. ನನ್ನ ಮೊದಲ ಕೆಲಸದಲ್ಲಿ ನನ್ನ ಅಂಕಪಟ್ಟಿ ಎರಡು ವರ್ಷ ಅವರ ಬೀರುವಿನಲ್ಲಿತ್ತು. ಆ ಕಂಪನಿ ಬಿಟ್ಟು ಇಷ್ಟು ವರ್ಷವಾದರೂ ಆ ಸಂಕಟ ಮರೆತಿಲ್ಲ.

ಈಗ ಬೆಳವಣಿಗೆಯ ಮಾತು. ಇಲ್ಲಿ ನಾನು ದೊಡ್ಡ ತಪ್ಪು ಮಾಡುವುದರಲ್ಲಿದ್ದೆ. "ಮೊದಲ ಇಬ್ಬರಿಗೆ ಸಂಸ್ಥೆಯಲ್ಲಿ ಷೇರು" ಅಂತ ಎರಡನೇ ಕರಡಿನಲ್ಲಿ ಬರೆದಿದ್ದೆ. ಸ್ಟಾರ್ಟಪ್ ಅಂದರೆ ಷೇರು ಕೊಡುವುದು ರೂಢಿ, ಅಲ್ವಾ? ಹಾಕುವ ಮೊದಲು ನಮ್ಮ ಆಡಿಟರ್‌ಗೆ ತೋರಿಸಿದೆ. ಅವರು ಓದಿ, ನಿಮ್ಮದು ಎಲ್‌ಎಲ್‌ಪಿ ಅಲ್ವಾ ಅಂದರು. ಹೌದು. ಎಲ್‌ಎಲ್‌ಪಿ ಅಂದರೆ ಸೀಮಿತ ಹೊಣೆಯ ಪಾಲುದಾರಿಕೆ, ಅದರಲ್ಲಿ ಷೇರು ಅನ್ನುವುದೇ ಇರುವುದಿಲ್ಲ, ಪಾಲುದಾರರ ಪಾಲು ಮಾತ್ರ ಇರುತ್ತದೆ. ನೌಕರರಿಗೆ ಷೇರಿನ ಆಯ್ಕೆ, ಅಂದರೆ ಇಎಸ್‌ಒಪಿ ಕೊಡಬೇಕಾದರೆ ಮೊದಲು ಪ್ರೈವೇಟ್ ಲಿಮಿಟೆಡ್ ಕಂಪನಿ ಆಗಬೇಕು. ಆದ ಮೇಲೂ ಕೊಟ್ಟ ದಿನದಿಂದ ಕನಿಷ್ಠ ಒಂದು ವರ್ಷ ಕಳೆಯದೆ ಅದು ಅವರ ಹಕ್ಕಾಗುವುದಿಲ್ಲ, 2013ರ ಕಂಪನಿ ಕಾಯ್ದೆಯ ಕೆಳಗಿನ ನಿಯಮ ಅದು. ನಮ್ಮ ಕೈಯಲ್ಲೇ ಇಲ್ಲದ ವಸ್ತುವನ್ನು ಕೊಡುತ್ತೇವೆ ಅಂತ ಬರೆದಿದ್ದೆ. ಆ ಸಾಲು ಹೊಡೆದು ಹಾಕಿದೆ. ಅವತ್ತು ತೋರಿಸದೇ ಹೋಗಿದ್ದರೆ ಇಬ್ಬರು ಹುಡುಗರು ಆ ಮಾತು ನಂಬಿಕೊಂಡು ಬರುತ್ತಿದ್ದರು.

ಷೇರಿನ ಜಾಗಕ್ಕೆ ಏನು ಹಾಕುವುದು? ಹತ್ತು ಮಿಲ್ ಆದ ಮೇಲೆ ಸಂಬಳ 28,000 ಮಾಡೋಣ ಅಂತ ನಾನು ಅಂದೆ. ಅಣ್ಣ ಒಪ್ಪಲಿಲ್ಲ. ಹತ್ತು ಮಿಲ್ ಆಗುವುದು ಬಿಡುವುದು ನಮ್ಮ ಓಡಾಟದ ಮೇಲೆ, ಮಳೆಯ ಮೇಲೆ, ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬರುವುದರ ಮೇಲೆ ನಿಂತಿದೆ. ನೀರು ಬರಲಿಲ್ಲ ಅಂದರೆ ಎರಡನೇ ಬೆಳೆ ಇಲ್ಲ, ಮಿಲ್ಲಿಗೆ ಭತ್ತ ಇಲ್ಲ, ಮಿಲ್‌ನವರು ಹೊಸದಕ್ಕೆ ದುಡ್ಡು ಬಿಚ್ಚುವುದಿಲ್ಲ. ಅದಕ್ಕೆಲ್ಲ ಹುಡುಗರ ಸಂಬಳ ಕಟ್ಟಿಹಾಕಿದರೆ ಹೇಗೆ? ಅವರ ಕೈಯಲ್ಲೇ ಇರುವ ಒಂದು ಅಳತೆ ಬೇಕು. ಎರಡು ದಿನ ಮಾತಾಡಿ ಒಂದು ಅಳತೆಗೆ ಬಂದೆವು. ಒಂದು ಹೊಸ ಮಿಲ್ಲಿಗೆ ಒಬ್ಬರೇ ಹೋಗಿ, ಇಂಡಿಕೇಟರ್ ಜೋಡಿಸಿ, ಚೀಟಿ ಸರಿಯಾಗಿ ಬರುವ ಹಾಗೆ ಮಾಡಿ ಬಂದರೆ ಮರು ತಿಂಗಳಿಂದ 28,000. ಇದನ್ನು ನೇಮಕಾತಿ ಪತ್ರದಲ್ಲೂ ಹಾಕುವುದು ಅಂತ ಆಯಿತು. ಜಾಹೀರಾತಿನಲ್ಲಿದ್ದು ಪತ್ರದಲ್ಲಿ ಇಲ್ಲದಿದ್ದರೆ ಅದು ಬರೀ ಬಾಯಿಮಾತು.

ಮೂರನೇ ಸಲ ಬರೆದು ಹೊರಗೆ ಕಳಿಸಿದ್ದು ಇದು:

"ರಾಯಚೂರಿನ ರೈಸ್ ಮಿಲ್‌ಗಳಿಗೆ ಸಾಫ್ಟ್‌ವೇರ್ ಬರೆಯಲು ಇಬ್ಬರು ಎಂಜಿನಿಯರ್ ಬೇಕು, ತಿಂಗಳಿಗೆ 22,000

ನಾವು ಇಬ್ಬರೇ ಇದ್ದೇವೆ, ನಾಲ್ಕು ಮಿಲ್‌ಗಳಲ್ಲಿ ನಮ್ಮ ಸಾಫ್ಟ್‌ವೇರ್ ನಡೆಯುತ್ತಿದೆ. ನೀವು ನಮ್ಮ ಮೊದಲ ಎಂಜಿನಿಯರ್‌ಗಳು. ಸಂಬಳ ಬೆಂಗಳೂರಿಗಿಂತ ಕಡಿಮೆ, ಪಿಎಫ್ ಸದ್ಯಕ್ಕಿಲ್ಲ. ಮೊದಲ ತಿಂಗಳಲ್ಲಿ ವೇಬ್ರಿಡ್ಜ್‌ನಿಂದ ತೂಕ ಓದುವ ಪ್ರೋಗ್ರಾಂ ನೀವೇ ಬರೆಯುತ್ತೀರಿ. ಮೂರನೇ ತಿಂಗಳ ಹೊತ್ತಿಗೆ ನೆಟ್ ಇಲ್ಲದಿದ್ದರೂ ನಿಲ್ಲದ ಲೆಕ್ಕದ ಭಾಗ ನಿಮ್ಮ ಕೈಯಲ್ಲಿರುತ್ತದೆ. ನೀವು ಬರೆದ ಕೋಡನ್ನು ಒಂಬತ್ತು ವರ್ಷ ಅನುಭವ ಇರುವವರು ಒಂದು ದಿನದೊಳಗೆ ಓದಿ, ಪಕ್ಕ ಕೂತು ತಿದ್ದುತ್ತಾರೆ. ಒಂದು ಮಿಲ್ಲನ್ನು ಒಬ್ಬರೇ ಜೋಡಿಸಿ ಬಂದ ಮರು ತಿಂಗಳಿಂದ 28,000. ಮೊಬೈಲ್ ಆ್ಯಪ್, ಕ್ಲೌಡ್ ನಮ್ಮಲ್ಲಿ ಕಲಿಯಲು ಸಿಗುವುದಿಲ್ಲ. ಡಿಪಾಸಿಟ್ ಇಲ್ಲ, ಬಾಂಡ್ ಇಲ್ಲ, ಅಂಕಪಟ್ಟಿ ನಿಮ್ಮ ಹತ್ತಿರವೇ ಇರುತ್ತದೆ. ಸೇರುವ ಮೊದಲು ಒಂದು ಮಿಲ್ಲಿಗೆ ಕರೆದುಕೊಂಡು ಹೋಗಿ ಕೆಲಸ ತೋರಿಸುತ್ತೇವೆ."

ಇಂಗ್ಲಿಷಿನಲ್ಲೂ ಒಂದು ಮಾಡಿದ್ದೆವು. ಆದರೆ ಹರಡಿದ್ದು ಕನ್ನಡದ್ದೇ. ಅಪ್ಪಂದಿರು, ಸೋದರಮಾವಂದಿರು ಓದಿ ಮಕ್ಕಳಿಗೆ ಕಳಿಸಿದ್ದರು.

ಈ ಸಲ ಬಂದದ್ದು 17 ಮೆಸೇಜ್. ಹಿಂದಿನದಕ್ಕಿಂತ ಬಹಳ ಕಡಿಮೆ, ನನಗೆ ಸ್ವಲ್ಪ ಅಳುಕಾಯಿತು. ಓದಿದ ಮೇಲೆ ಅಳುಕು ಹೋಯಿತು. ಡಿಪಾಸಿಟ್ ಬಗ್ಗೆ ಒಬ್ಬರೂ ಕೇಳಿರಲಿಲ್ಲ. ಲಿಂಗಸುಗೂರಿನ ಒಬ್ಬ ಹುಡುಗ, ಇಂಡಿಕೇಟರ್‌ಗೆ ಯುಎಸ್‌ಬಿ ಇಲ್ಲದಿದ್ದರೆ ಲ್ಯಾಪ್‌ಟಾಪಿಗೆ ಹೇಗೆ ಜೋಡಿಸುತ್ತೀರಿ ಅಂತ ಕೇಳಿದ್ದ. ಆ ಪ್ರಶ್ನೆ ನೋಡಿ ಅವತ್ತೇ ಫೋನ್ ಮಾಡಿದೆ. ಇನ್ನೊಬ್ಬರು ಮನೆಸಾಲದ ಕಂತು ಇದೆ, 30,000ಕ್ಕಿಂತ ಕಡಿಮೆ ಆಗುವುದಿಲ್ಲ, ಸಂಬಳ ಮೊದಲೇ ಬರೆದದ್ದು ಒಳ್ಳೆಯದಾಯಿತು ಅಂತ ತಿಳಿಸಿದರು. ಒಳ್ಳೆ ಎಂಜಿನಿಯರ್ ಅವರು. ಬರಲಿಲ್ಲ ಅನ್ನುವ ಬೇಸರ ಇದೆ. ಆದರೆ ಮೂರು ಸುತ್ತು ಮಾತಾಡಿದ ಮೇಲೆ ಇದು ತಿಳಿಯುವುದಕ್ಕಿಂತ ಮೊದಲೇ ತಿಳಿದದ್ದು ಅವರಿಗೂ ನಮಗೂ ನೆಮ್ಮದಿ.

ಮಾನ್ವಿಯ ಆ ತಂದೆ ಮತ್ತೆ ಫೋನ್ ಮಾಡಿದರು. ಮಗಳನ್ನು ಕರೆದುಕೊಂಡು ಮಿಲ್ಲಿಗೆ ತಾವೇ ಬಂದರು. ಆಕೆ ವೇಬ್ರಿಡ್ಜ್ ರೂಮಿನಲ್ಲಿ ಒಂದು ಗಂಟೆ ನಿಂತು ಲಾರಿಗಳನ್ನು ನೋಡಿದಳು. ಖಾಲಿ ಲಾರಿ ತೂಕವನ್ನು ಕೊನೆಗೆ ಯಾಕೆ ತೆಗೆಯುತ್ತಾರೆ, ಅಷ್ಟರಲ್ಲಿ ಡ್ರೈವರ್ ಡೀಸೆಲ್ ಹಾಕಿಸಿಕೊಂಡರೆ ಏನಾಗುತ್ತದೆ ಅಂತ ಕೇಳಿದಳು. ಅಣ್ಣ ನನ್ನ ಮುಖ ನೋಡಿದರು. ಹೊರಗೆ ತಂದೆ ಬೇರೆ ಪ್ರಶ್ನೆ ಕೇಳಿದರು: "ಸುಗ್ಗ್ಯಾಗ ನೆಲ್ಲಿನ ಲಾರಿ ರಾತ್ರಿ ಎಲ್ಲಾ ಬರ್ತಾವ. ನಮ್ಮ ಹುಡುಗಿ ಎಷ್ಟೊತ್ತಿಗೆ ಮನಿಗೆ ಬರ್ಬೇಕ್ರೀ?" ನವೆಂಬರ್, ಡಿಸೆಂಬರ್‌ನಲ್ಲಿ ಮಿಲ್‌ಗಳ ಮುಂದೆ ಲಾರಿ ಸಾಲು ನಿಲ್ಲುವುದು ನಮಗೆ ಗೊತ್ತೇ ಇತ್ತು. ಆದರೂ ಜಾಹೀರಾತಿನಲ್ಲಿ ಅದರ ಸೊಲ್ಲೇ ಇರಲಿಲ್ಲ. ಸಂಬಳ ಮುಚ್ಚಿಟ್ಟದ್ದು ಎಷ್ಟು ತಪ್ಪೋ ಇದೂ ಅಷ್ಟೇ. ಸುಗ್ಗಿಯಲ್ಲಿ ರಾತ್ರಿ ಫೋನ್ ಬಂದರೆ ಮಿಲ್ಲಿಗೆ ನಾನೋ ಅಣ್ಣನೋ ಹೋಗುತ್ತೇವೆ, ಎಂಜಿನಿಯರ್‌ಗಳು ಸಂಜೆ ಏಳರ ಮೇಲೆ ಇರಬೇಕಾಗಿಲ್ಲ ಅಂತ ಅಲ್ಲೇ ಮಾತು ಕೊಟ್ಟೆವು. ಅವತ್ತೇ ಸಂಜೆ ಆ ಸಾಲನ್ನು ಜಾಹೀರಾತಿಗೆ ಸೇರಿಸಿ, ಆಗಲೇ ಬರೆದಿದ್ದ ಎಲ್ಲರಿಗೂ ಮತ್ತೆ ಕಳಿಸಿದೆವು.

ಆಕೆ ಮತ್ತು ಲಿಂಗಸುಗೂರಿನ ಹುಡುಗ ಸೇರಿದರು. ಐದನೇ ತಿಂಗಳಲ್ಲಿ ಆಕೆ ಸಿಂಧನೂರಿನ ಒಂದು ಮಿಲ್ಲಿಗೆ ಒಬ್ಬಳೇ ಹೋಗಿ ಜೋಡಿಸಿ ಬಂದಳು. ಮರು ತಿಂಗಳು 28,000 ಹಾಕಿದೆವು. ಹುಡುಗನಿಗೆ ಏಳು ತಿಂಗಳು ಹಿಡಿಯಿತು.

ಮುಂದಿನ ವರ್ಷ ಮೂರನೆಯವರು ಬೇಕಾದಾಗ ಅದೇ ಜಾಹೀರಾತು ತೆಗೆದು, ಮಿಲ್‌ಗಳ ಸಂಖ್ಯೆ ಬದಲಾಯಿಸಿ, ಹಾಕುವ ಮೊದಲು ಆಕೆಗೆ ಓದಲು ಕೊಟ್ಟೆ. ಓದಿ ಪೆನ್ ತೆಗೆದುಕೊಂಡಳು. "ಸರ್, ಒಂದ್ ದಿನದಾಗ ಕೋಡ್ ಓದ್ತೀವಿ ಅಂತ ಬರ್ದೀರಿ. ಸುಗ್ಗ್ಯಾಗ ನಂದು ಮೂರ್ ದಿನ ಹಂಗೇ ಬಿದ್ದಿತ್ತು." ಹೌದು, ಬಿದ್ದಿತ್ತು. ಅವಳು 'ಒಂದು ದಿನದೊಳಗೆ' ಅನ್ನುವುದನ್ನು ಹೊಡೆದು ಮೇಲೆ 'ಸುಗ್ಗಿ ಬಿಟ್ಟು ಒಂದು ದಿನ, ಸುಗ್ಗಿಯಲ್ಲಿ ಮೂರು ದಿನ' ಅಂತ ಬರೆದಳು. ಆ ವರ್ಷದ ಜಾಹೀರಾತು ಹಾಗೇ ಹೋಯಿತು.